ಮಸಾಲೆ ಯಾರಿಗೆ?

ಹೋಟೆಲಿಗೆ ಹೊಸದಾಗಿ ಸೇರಿದ ಹುಡುಗರಿಗೆಲ್ಲ ಮೊದಲು ಕಲಿಯಬೇಕೆನಿಸುವ ವಿದ್ಯೆ ಒಂದೇ: ಒಂದು ತೋಳಿನ ಮೇಲೆ ದೋಸೆ ತಟ್ಟೆಗಳನ್ನು ಸಾಲಾಗಿ ಪೇರಿಸಿಕೊಂಡು ಬರುವುದು. ಗಾಂಧಿ ಬಜಾರಿನಲ್ಲಿ 1943ರಲ್ಲಿ ಶುರುವಾದ ವಿದ್ಯಾರ್ಥಿ ಭವನದಲ್ಲಿ ಅದನ್ನು ನೋಡಿ ಬಂದವರು ಬೇರೇನನ್ನೂ ಕೇಳುವುದಿಲ್ಲ. ಅದು ಆಮೇಲೆ, ಅನ್ನುತ್ತೇನೆ. ತಟ್ಟೆ ಹೊರುವುದು ತೋಳಿನ ಕೆಲಸ, ಹೊರುತ್ತಾ ಹೊರುತ್ತಾ ಬರುತ್ತದೆ. ಯಾವ ತಟ್ಟೆ ಯಾರ ಮುಂದೆ ಇಳಿಯಬೇಕು ಅನ್ನುವುದು ಮಾತ್ರ ಮೊದಲ ವಾರದಲ್ಲೇ ತಲೆಗೆ ಹತ್ತಬೇಕು.

ನಾನು ಬೆಂಗಳೂರಿನ ಒಂದು ಉಡುಪಿ ಹೋಟೆಲಿನ ಫ್ಯಾಮಿಲಿ ರೂಮು ನೋಡಿಕೊಳ್ಳುವವನು. ಈಚೆಗೆ ಯಾದಗಿರಿ ಕಡೆಯ ಹುಡುಗನೊಬ್ಬ ಬಂದ. ಊಟ ತಿಂಡಿಯೆಲ್ಲ ದರ್ಶಿನಿಯಲ್ಲೇ ಆದವನು: ಟೋಕನ್ ಕೊಡು, ತಟ್ಟೆ ತಗೋ, ನಿಂತು ತಿನ್ನು. ಮೇಜಿನ ಹತ್ತಿರ ಬಂದು ಯಾರಾದರೂ ‘ಏನು ಕೊಡಲಿ’ ಎಂದು ಕೇಳಿದ್ದೇ ಅವನ ಅನುಭವದಲ್ಲಿಲ್ಲ. ಈಗಿನ ಹುಡುಗರಲ್ಲಿ ಇಂಥವರೇ ಹೆಚ್ಚು. ಹಾಗಾಗಿ ಮೊದಲೆರಡು ದಿನ ಆರ್ಡರ್ ಚೀಟಿ ಅವನ ಕೈಗೇ ಕೊಡಲಿಲ್ಲ. ನೀರಿಡುವುದು, ಮೇಜು ಒರೆಸುವುದು, ಬಿಡುವಾದಾಗ ಮೆನುವಿನಲ್ಲಿರುವುದನ್ನು ಒಂದೊಂದಾಗಿ ತಿನ್ನುವುದು, ಅಷ್ಟೆ. ಬಿಸಿಬೇಳೆ ಬಾತಿನ ಖಾರ ಎಷ್ಟು, ಯಾವ ಚಟ್ನಿಗೆ ಬೆಳ್ಳುಳ್ಳಿ ಬೀಳುತ್ತದೆ ಎಂದು ಗಿರಾಕಿ ಕೇಳಿದಾಗ ಅಡುಗೆಮನೆಗೆ ಓಡುವ ಸಪ್ಲೈಯರ್ ಆರ್ಡರ್ ತೆಗೆದುಕೊಳ್ಳಲು ಇನ್ನೂ ತಯಾರಾಗಿಲ್ಲ.

ಮೂರನೆಯ ದಿನ ಕುರ್ಚಿಗಳ ನಂಬರ್ ಹೇಳಿಕೊಟ್ಟೆ. ಮೇಜಿಗೆ ನಂಬರ್ ಇರುವುದು ಎಲ್ಲರಿಗೂ ಗೊತ್ತು, ಕುರ್ಚಿಗೂ ಇರುತ್ತದೆ. ನಮ್ಮಲ್ಲಿ ಗೋಡೆ ಗಡಿಯಾರಕ್ಕೆ ಹತ್ತಿರದ ಕುರ್ಚಿ ಒಂದು, ಅಲ್ಲಿಂದ ಗಡಿಯಾರದ ಮುಳ್ಳು ತಿರುಗುವ ಕಡೆಗೆ ಎರಡು, ಮೂರು. ಯಾರು ಮೊದಲು ಬಾಯಿ ತೆಗೆದರೂ ಅವರ ತಿಂಡಿಯನ್ನು ಅವರ ಕುರ್ಚಿಯ ನಂಬರಿನ ಎದುರೇ ಬರೆಯಬೇಕು. ‘ಕೆಂಪು ಶರ್ಟಿನವರಿಗೆ ಮಸಾಲೆ’ ಎಂದು ನೆನಪಿಟ್ಟುಕೊಂಡರೆ ಅದು ಬರೆದವನಿಗೆ ಮಾತ್ರ ಗೊತ್ತು. ಅವನು ಬೇರೆ ಮೇಜಿನಲ್ಲಿ ಸಿಕ್ಕಿಕೊಂಡಿದ್ದಾಗ ಇನ್ನೊಬ್ಬ ತಟ್ಟೆ ಎತ್ತಿಕೊಂಡು ಹೋಗಿ, ಮೇಜಿನ ತಲೆಯಲ್ಲಿ ನಿಂತು ‘ಮಸಾಲೆ ಯಾರಿಗೆ? ಪೂರಿ ಯಾರಿಗೆ?’ ಎಂದು ಹರಾಜು ಕೂಗುವವನ ಹಾಗೆ ಕೂಗಬೇಕಾಗುತ್ತದೆ. ಮಾತಿನಲ್ಲಿ ಮುಳುಗಿದ್ದ ಮನೆಮಂದಿಯೆಲ್ಲ ತಲೆಯೆತ್ತಿ ನೋಡಬೇಕು. ನನಗೆ ಅದನ್ನು ಕೇಳಿದರೆ ಮೈ ಉರಿಯುತ್ತದೆ.

ಆ ಭಾನುವಾರ ನಾಲ್ಕನೇ ಮೇಜಿಗೆ ಆರು ಜನರ ಕುಟುಂಬ ಬಂತು. ಹುಡುಗನನ್ನೇ ಕಳಿಸಿ, ನಾನು ಕಂಬದ ಪಕ್ಕ ನಿಂತೆ. ಚೀಟಿಯಲ್ಲಿ ಅವನು ಬರೆದದ್ದು: ಒಂದು, ಅಜ್ಜ, ಇಡ್ಲಿ ವಡೆ. ಎರಡು, ಅಜ್ಜಿ, ಇಡ್ಲಿ. ಈರುಳ್ಳಿ ತಿನ್ನುವುದಿಲ್ಲ, ಆದ್ದರಿಂದ ಸಾಂಬಾರ್ ಇಲ್ಲ, ಕಾಯಿ ಚಟ್ನಿ ಮಾತ್ರ. ಮೂರು ಮಸಾಲೆ, ನಾಲ್ಕು ಈರುಳ್ಳಿ ರವೆ ದೋಸೆ, ಐದು ಪೂರಿ, ಆರು ಸಾದಾ, ಕೆಂಪು ಚಟ್ನಿ ಬೇಡ. ಬರೆದವನೇ ಹೊರಟುಬಿಟ್ಟ. ಕಣ್ಣಲ್ಲೇ ವಾಪಸು ಕಳಿಸಿದೆ. ಕುರ್ಚಿಯ ಕ್ರಮದಲ್ಲೇ ಓದಿ ಹೇಳಿದ. ಮೊದಲನೆಯದಕ್ಕೇ ಅಜ್ಜ, ‘ಡಿಪ್ ಅಂತ ಹೇಳಿದ್ನಲ್ಲಪ್ಪಾ’ ಅಂದರು. ಓದಿ ಹೇಳದಿದ್ದರೆ ಬಟ್ಟಲಲ್ಲಿ ಸಾಂಬಾರ್ ಬೇರೆ, ತಟ್ಟೆಯಲ್ಲಿ ಗಟ್ಟಿ ವಡೆ ಬೇರೆ ಬಂದು, ಹಲ್ಲಿಲ್ಲದ ಅಜ್ಜ ಅದನ್ನು ನೋಡುತ್ತಾ ಕೂರಬೇಕಿತ್ತು. ಓದಿ ಹೇಳುವುದಕ್ಕೆ ಅರ್ಧ ನಿಮಿಷ ಹಿಡಿಯಿತು.

ಅಡುಗೆಮನೆಯಲ್ಲಿ ಚೀಟಿಯ ಕ್ರಮವೇ ಬೇರೆ. ಅಲ್ಲಿ ಮೊದಲು ಕೂಗಬೇಕಾದ್ದು ನಾಲ್ಕನೇ ಕುರ್ಚಿಯ ರವೆ ದೋಸೆ. ನೀರಾದ ಹಿಟ್ಟು ಕಾವಲಿಯ ಮೇಲೆ ಆರಿ ಗರಿಯಾಗುವುದಕ್ಕೆ ಹೊತ್ತು ಬೇಕು, ಅವಸರ ಮಾಡಿ ಎಬ್ಬಿಸಿದರೆ ಹರಿಯುತ್ತದೆ. ಅದರ ಹಿಂದೆ ಮಸಾಲೆ ಮತ್ತು ಸಾದಾ, ಆಮೇಲೆ ಪೂರಿ. ಇಡ್ಲಿ ಹಬೆಯಲ್ಲೇ ಇರುತ್ತದೆ, ಕೊನೆಗೆ ಎತ್ತಿದರಾಯಿತು. ಹೊಸಬರು ಮಾಡುವುದು ಇದರ ತಿರುವುಮುರುವು: ಕೈಗೆ ಸಿಕ್ಕಿದ ಇಡ್ಲಿಯನ್ನು ಮೊದಲು ಒಯ್ದು ಇಡುತ್ತಾರೆ. ಅಜ್ಜ ಅಜ್ಜಿ ತಿಂದು ಕೈ ತೊಳೆದು ಬಂದರೂ ಸೊಸೆ ರವೆ ದೋಸೆಯ ದಾರಿ ನೋಡುತ್ತಿರುತ್ತಾಳೆ. ಇದಕ್ಕೊಂದು ವಿನಾಯಿತಿ ಉಂಟು. ಮಕ್ಕಳ ತಟ್ಟೆ ಯಾವಾಗ ತಯಾರಾದರೂ ತಕ್ಷಣ ಹೋಗಬೇಕು. ಹಸಿದ ಮಗು ಮೇಜನ್ನು ಸುಮ್ಮನೆ ಬಿಡುವುದಿಲ್ಲ.

ಇನ್ನು ಹೆಚ್ಚು ಆರ್ಡರ್ ಹೇಳಿಸುವ ಕಲೆ. ‘ಇನ್ನೇನು ಬೇಕು ಸರ್?’ ಎಂದರೆ ‘ಏನೂ ಬೇಡ’ ಎನ್ನುವುದು ಯಾರಿಗೂ ಸಲೀಸು. ಹೆಸರು ಹಿಡಿದು ಒಂದೇ ಒಂದನ್ನು ಹೇಳಬೇಕು, ಅದೂ ನಿಜವಾಗಿದ್ದರೆ ಮಾತ್ರ: ‘ಕೇಸರಿಬಾತ್ ಈಗಷ್ಟೇ ಇಳಿಸ್ಯಾರ್ರಿ, ಬಿಸಿ ಐತಿ.’ ಹುಡುಗನ ಈ ‘ರಿ’ಯನ್ನು ತಿದ್ದಬೇಡಿ ಎಂದು ಉಳಿದವರಿಗೆ ತಾಕೀತು ಮಾಡಿದ್ದೇನೆ, ನಾವು ಕಲಿಸುವ ಯಾವ ‘ಸರ್’ಗಿಂತಲೂ ಅದರಲ್ಲಿ ಮರ್ಯಾದೆ ಹೆಚ್ಚು. ಒಮ್ಮೆ ಬೇಡ ಎಂದರೆ ಅಲ್ಲಿಗೆ ಮುಗಿಯಿತು. ಮಸಾಲೆಗೆ ಬೆಣ್ಣೆ ಹಾಕಿಸಲೇ ಎಂದು ಕೇಳುವಾಗ ಅದಕ್ಕೆ ಬೇರೆ ದುಡ್ಡು ಎನ್ನುವುದನ್ನೂ ಹೇಳಬೇಕು. ಬಿಲ್ಲಿನಲ್ಲಿ ಮೊದಲ ಸಲ ಕಂಡ ಬೆಣ್ಣೆ ಯಾರಿಗೂ ರುಚಿಸುವುದಿಲ್ಲ. ಕೂತ ಕೂಡಲೇ ಬಾಟಲಿ ನೀರು ತಂದಿಟ್ಟು ಮುಚ್ಚಳ ತಿರುಗಿಸುವ ಚಾಳಿಯೂ ಕೆಲವು ಕಡೆ ಇದೆ. ನಮ್ಮಲ್ಲಿ ಮೊದಲು ಲೋಟದ ನೀರು. ಬಾಟಲಿ ಬೇಕಾದವರು ಕೇಳುತ್ತಾರೆ. ಬೈಟು ಕಾಫಿ ಹೇಳಿದವರನ್ನು ಕಂಡು ಹುಡುಗರು ಮೂಗು ಮುರಿಯುವುದೂ ನನಗೆ ಆಗುವುದಿಲ್ಲ. ಬೈಟು ಕುಡಿಯುವ ಇಬ್ಬರು ದಿನಾ ಬರುತ್ತಾರೆ.

ಕಾಫಿಯ ಮಾತು ಬಂದಿದ್ದಕ್ಕೆ ಹೇಳುತ್ತೇನೆ, ಅದಕ್ಕೂ ಹೊತ್ತಿದೆ. ಕೊನೆಯವರ ತಟ್ಟೆಯಲ್ಲಿ ಎರಡು ಮೂರು ತುತ್ತು ಉಳಿದಾಗ ಕೇಳಬೇಕು. ಅದಕ್ಕೆ ಮೊದಲು ಕೇಳಿದರೆ ತಂದ ಕಾಫಿ ದೋಸೆಯ ಪಕ್ಕ ಆರುತ್ತದೆ, ತಡವಾಗಿ ಕೇಳಿದರೆ ಎದ್ದು ಹೊರಟಿರುತ್ತಾರೆ. ಸ್ಟ್ರಾಂಗು, ಸಕ್ಕರೆ ಇಲ್ಲದ್ದು, ಇವನ್ನೂ ಕುರ್ಚಿ ನಂಬರಿಗೇ ಬರೆಯಬೇಕು. ಲೋಟದಲ್ಲಿ ನೋಡಿ ಸಕ್ಕರೆ ಕಂಡುಹಿಡಿಯಲಾಗದು.

ಒಂದು ಮೇಜು ಹಿಡಿತಕ್ಕೆ ಬಂದ ಮೇಲೆ ಮೂರು ಕೊಟ್ಟೆ. ನಿಜವಾದ ಕಷ್ಟ ಅಲ್ಲಿಂದ ಶುರು. ನಾಲ್ಕನೇ ಮೇಜಿನ ಮಸಾಲೆ ಅಡುಗೆಮನೆ ಕಟ್ಟೆಯ ಮೇಲೆ ಬಂದಿದೆ, ಐದರವರು ಬಿಲ್ ಕೇಳುತ್ತಿದ್ದಾರೆ, ಆರಕ್ಕೆ ಹೊಸಬರು ಈಗ ಕೂತರು. ಹುಡುಗ ನಡುವೆ ನಿಂತುಬಿಟ್ಟ. ‘ಯಾವುದು ಮೊದ್ಲು ಅಣ್ಣಾರ?’ ಮೊದಲು ದೋಸೆ, ಅದು ಕಾಯುವುದಿಲ್ಲ. ಒಳಗೆ ಹೋಗುವಾಗ ಆರರವರ ಮುಖ ನೋಡಿ ‘ಬಂದೆ’ ಅನ್ನು, ಐದರ ಎಂಜಲು ತಟ್ಟೆ ಎತ್ತಿಕೊ. ಬರುವಾಗ ಎಡಗೈಯಲ್ಲಿ ದೋಸೆ, ಬಲಗೈಯಲ್ಲಿ ನೀರಿನ ಜಗ್. ದೋಸೆ ಇಳಿಸಿ, ಆರಕ್ಕೆ ನೀರು ಹಾಕಿ, ಹಾಗೇ ಗಲ್ಲೆಗೆ ಹೋಗಿ ಐದರ ಬಿಲ್ ತಾ. ಆಮೇಲೆ ನಿಧಾನವಾಗಿ ಆರ್ಡರ್ ತಗೊ. ನೀರು ಬಂದ ಮೇಲೆ ಜನ ಕಾಯುತ್ತಾರೆ; ಯಾರೂ ತಮ್ಮತ್ತ ನೋಡಿಲ್ಲ ಅನಿಸಿದರೆ ಅರೆಗಳಿಗೆಯೂ ಕಾಯುವುದಿಲ್ಲ. ಬರಿಗೈಯಲ್ಲಿ ಒಳಗೆ ಹೋದರೆ, ಬರಿಗೈಯಲ್ಲಿ ಹೊರಗೆ ಬಂದರೆ, ಆ ನಡಿಗೆ ದಂಡ.

ವಾರದ ಕೊನೆಗೆ, ರೂಮಿನ ಬಾಗಿಲಲ್ಲಿ ಜನ ಕಾಯುತ್ತಿದ್ದ ಹೊತ್ತಿನಲ್ಲಿ, ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದು ಈರುಳ್ಳಿ ರವೆ ಹೇಳಿದರು. ‘ಕಾವಲಿ ಪೂರಾ ತುಂಬೇತ್ರಿ, ಕಾಲು ತಾಸು ಆಗ್ತದ. ಸೆಟ್ ದೋಸೆ ಆದ್ರ ಲಗೂ ಬರ್ತದ್ರಿ’ ಅಂದ ಹುಡುಗ. ಅವರು ಸೆಟ್ ದೋಸೆಗೆ ಒಪ್ಪಿದರು, ಅದರ ರೇಟು ಕಡಿಮೆ. ಗಲ್ಲೆಯಲ್ಲಿದ್ದ ಯಜಮಾನರ ಕಿವಿಗೆ ಇದು ಬಿತ್ತು. ‘ಏನಯ್ಯಾ, ಮೇಲಕ್ಕೆ ಹೇಳಿಸೋದು ಕಲಿಸು ಅಂದ್ರೆ ಕೆಳಕ್ಕೆ ಇಳಿಸೋದು ಕಲಿಸಿದ್ದೀಯಾ?’ ಅಂದರು. ತಾಯಿ ಮಗಳು ಬೇಗ ತಿಂದು, ಎರಡು ಕಾಫಿ ಕುಡಿದು ಎದ್ದರು, ಆ ಮೇಜಿಗೆ ಬಾಗಿಲಲ್ಲಿದ್ದ ನಾಲ್ವರು ಬಂದು ಕೂತರು. ಯಜಮಾನರು ಮತ್ತೇನೂ ಅನ್ನಲಿಲ್ಲ. ಮುಂದಿನ ವಾರಕ್ಕೆ ಹುಡುಗನಿಗೆ ಐದು ಮೇಜು ಕೊಡು ಅಂದರು. ನಾನು ನಾಲ್ಕೇ ಕೊಟ್ಟಿದ್ದೇನೆ.