ದೂರಿಗೆ ತಾರೀಖು ಬೇಕು, ಹೆಸರಿಗೆ ಮರೆ ಬೇಕು

ಕಾಲೇಜಿನಲ್ಲಿ ರ‍್ಯಾಗಿಂಗ್ ಆದರೆ ದೂರು ಕೊಡಬೇಕೆಂದು ಎಲ್ಲರೂ ಹೇಳುತ್ತಾರೆ. ಹೇಗೆ ಬರೆಯಬೇಕೆಂದು ಹೇಳುವವರು ಕಡಿಮೆ. 2024ರಲ್ಲಿ ನನ್ನ ತಂಗಿಯ ಮಗನಿಗಾಗಿ ನಾವು ಕೂತು ಬರೆದ ಕಾಗದದ ವಿಷಯ ಕೇಳಿ.

ಹುಡುಗ ಎಂಜಿನಿಯರಿಂಗ್ ಮೊದಲ ವರ್ಷ, ಹಾಸ್ಟೆಲ್ ವಾಸ. ಅವನು ಬರೆದುಕೊಂಡಿದ್ದು ಒಂದೇ ಸಾಲು: "ಸೀನಿಯರ್‌ಗಳು ದಿನಾ ಹಿಂಸೆ ಕೊಡುತ್ತಾರೆ, ಕ್ರಮ ಕೈಗೊಳ್ಳಿ." ಇದನ್ನಿಟ್ಟುಕೊಂಡು ಸಮಿತಿಯವರು ಯಾರನ್ನು ಏನಂತ ಕೇಳಿಯಾರು? "ನಾನು ಆವತ್ತು ಊರಲ್ಲೇ ಇರಲಿಲ್ಲ" ಅಂದುಬಿಟ್ಟರೆ ಅಲ್ಲಿಗೆ ಮುಗಿಯಿತು. ತಾರೀಖು, ಹೊತ್ತು ಇದ್ದರೆ ಹಾಸ್ಟೆಲಿನ ಹಾಜರಿ ಪುಸ್ತಕದ ಜೊತೆ ತಾಳೆ ನೋಡಬಹುದು.

ಆಮೇಲೆ ಹೀಗೆ ಬರೆದೆವು: "ಸೆಪ್ಟೆಂಬರ್ 3, ಮಂಗಳವಾರ, ರಾತ್ರಿ ಸುಮಾರು 11 ಗಂಟೆ. ನಮ್ಮ ನಾಲ್ವರನ್ನು ಎರಡನೇ ಮಹಡಿಗೆ ಕರೆಸಿ, 2 ಗಂಟೆಯವರೆಗೆ ಅವರ ಲ್ಯಾಬ್ ರೆಕಾರ್ಡ್ ಬರೆಸಿದರು." ಹೆಸರು ಗೊತ್ತಿಲ್ಲದವನನ್ನು ಕೋಣೆಯ ನಂಬರಿನಿಂದ ಗುರುತಿಸಿದ. ಕಂಡದ್ದನ್ನು ಮಾತ್ರ ಬರೆದ, ಇನ್ನೊಬ್ಬರು ಹೇಳಿದ್ದನ್ನು ಸೇರಿಸಲಿಲ್ಲ.

ಕಷ್ಟವಾದದ್ದು ಸೆಪ್ಟೆಂಬರ್ 6ರದು. ಆ ಶುಕ್ರವಾರ ಇವನೊಬ್ಬನನ್ನೇ ಕರೆದು ಕೆನ್ನೆಗೆ ಹೊಡೆದಿದ್ದರು. ಅದನ್ನು ಬರೆದರೆ, ಹೆಸರು ಮುಚ್ಚಿಟ್ಟರೂ ದೂರು ಯಾರದೆಂದು ಅವರಿಗೆ ತಿಳಿಯದೇ ಇರುತ್ತದೆಯೇ? ಅದಕ್ಕೇ ನಾಲ್ವರಿದ್ದ ಘಟನೆಯನ್ನು ಒಂದು ಹಾಳೆಯಲ್ಲಿ ಹೆಸರಿಲ್ಲದೆ ಬರೆದೆವು. ಹೊಡೆದ ಸಂಗತಿಯನ್ನು ಅವನ ಹೆಸರು, ಸಹಿಯ ಜೊತೆ ಇನ್ನೊಂದು ಹಾಳೆಯಲ್ಲಿ ಬರೆದು ಎರಡನ್ನೂ ಲಕೋಟೆಗೆ ಹಾಕಿ, ಮೇಲೆ "ಗೌಪ್ಯ" ಎಂದು ಬರೆದು ಪ್ರಿನ್ಸಿಪಾಲರ ಕೈಗೇ ಕೊಟ್ಟು, ತಾರೀಖಿರುವ ಸ್ವೀಕೃತಿ ಪಡೆದೆವು.

ಸುಮ್ಮನೆ "ಗುಟ್ಟಾಗಿಡಿ" ಎಂದರೆ ಸಾಲದು, ಹೇಗೆಂದೂ ಹೇಳಬೇಕು. ನಾವು ಕೇಳಿಕೊಂಡದ್ದು ಇಷ್ಟು: ಇವನನ್ನು ಜವಾನನ ಮೂಲಕ ತರಗತಿಯಿಂದ ಕರೆಸಬೇಡಿ. ಕೈಬರಹ ಸೀನಿಯರ್‌ಗಳಿಗೆ ತೋರಿಸಬೇಡಿ. ಆ ಮಹಡಿಯ ಎಲ್ಲ ಹೊಸ ಮಕ್ಕಳನ್ನೂ ಒಬ್ಬೊಬ್ಬರಾಗಿ ವಿಚಾರಿಸಿ, 3ನೇ ತಾರೀಖಿನಿಂದಲೇ ಶುರುಮಾಡಿ. ದೂರು ಕೊಟ್ಟವರ ಗುರುತನ್ನು ಕಾಪಾಡಬೇಕೆಂದು ಯುಜಿಸಿಯ 2009ರ ನಿಯಮವೇ ಹೇಳುತ್ತದೆ.

ಆದರೂ ಇದಕ್ಕೊಂದು ಮಿತಿ ಇದೆ. ಹೊಡೆದವನಿಗೆ ಶಿಕ್ಷೆಯಾಗಬೇಕಾದರೆ ಅವನಿಗೂ ಉತ್ತರ ಹೇಳಲು ಅವಕಾಶ ಕೊಡಬೇಕು, ಆಗ ಗುಟ್ಟು ನಿಲ್ಲುವುದು ಕಷ್ಟ. ಇದನ್ನು ಹುಡುಗನಿಗೆ ಮೊದಲೇ ಬಿಡಿಸಿ ಹೇಳಿದೆವು.

ವಿಚಾರಣೆಯಲ್ಲಿ ಉಳಿದ ಮೂವರೂ ಅದೇ ರಾತ್ರಿ, ಅದೇ ಕೋಣೆ ಎಂದರು. ಇಬ್ಬರು ಸೀನಿಯರ್‌ಗಳು ಹಾಸ್ಟೆಲ್ ಬಿಡಬೇಕಾಯಿತು. ಅವರು ಹೋದಮೇಲೆ ಹುಡುಗ ತಾನಾಗಿಯೇ, "ದೊಡ್ಡಮ್ಮ, ಇನ್ನು 6ನೇ ತಾರೀಖಿನದನ್ನೂ ವಿಚಾರಿಸಲಿ" ಅಂದ.

ಕಾಲೇಜಿನವರು ಕಿವಿಗೊಡದಿದ್ದರೆ ರ‍್ಯಾಗಿಂಗ್ ತಡೆಯ ರಾಷ್ಟ್ರೀಯ ಸಹಾಯವಾಣಿ 1800-180-5522 ಇದೆ. ಅಲ್ಲಿ ಹೆಸರು ಹೇಳದಿದ್ದರೂ ನಡೆಯುತ್ತದೆ. ಕಾಲೇಜು, ತಾರೀಖು, ಜಾಗ ಮಾತ್ರ ಬಿಡದೆ ಹೇಳಿ.