ನಡವಳಿಯಲ್ಲಿ ಕಾಣದ ಹೆಸರು

ಸಭೆಯಲ್ಲಿ ಆಡಿದ ಮಾತು ಗಾಳಿಗೆ ಹೋಗದಿರಲೆಂದು ಹಿಂದಿನವರು ನಡವಳಿಯ ಪುಸ್ತಕವನ್ನಿಟ್ಟರು. ಈಗ ಆ ಪುಸ್ತಕದ ಸ್ಥಾನಕ್ಕೆ ಪಿ.ಡಿ.ಎಫ್. ಕಡತ ಬಂದಿದೆ, ಬರೆವಣಿಗೆಯ ರೀತಿ ಮಾತ್ರ ಹಳೆಯದೇ. 'ಚರ್ಚಿಸಲಾಯಿತು', 'ಒಪ್ಪಲಾಯಿತು', 'ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು' ಎಂದು ವಾಕ್ಯಗಳು ಮುಗಿಯುತ್ತವೆ. ಇಂಥ ಕ್ರಿಯಾಪದಗಳಿಗೆ ಒಂದು ಗುಣವುಂಟು: ಕೆಲಸ ನಡೆಯಬೇಕೆಂಬುದನ್ನು ಅವು ಹೇಳುತ್ತವೆ, ಅದನ್ನು ನಡೆಸಬೇಕಾದವರು ಯಾರೆಂಬುದನ್ನು ಹೇಳುವುದಿಲ್ಲ.

ಒಂದು ಊರಿನ ವಾಚನಾಲಯದ ಸಂಘಕ್ಕೆ ಹೊಸದಾಗಿ ಕಾರ್ಯದರ್ಶಿಯಾದ ಉಪಾಧ್ಯಾಯಿನಿಯೊಬ್ಬರಿಗೆ ಈ ಗುಣದ ಪರಿಚಯ ಏಪ್ರಿಲ್ ತಿಂಗಳ ಕೊನೆಯಲ್ಲಾಯಿತು. ವಾಚನಾಲಯದ ಮೇಲಿನ ಕೋಣೆಯಲ್ಲಿ ಹಳೆಯ ಮಾಸಪತ್ರಿಕೆಗಳ ಕಟ್ಟುಗಳಿವೆ; ಅವುಗಳ ಮೇಲಿನ ಹೆಂಚಿನ ಮಾಡು ಸೋರುತ್ತಿತ್ತು. ಮುಂಗಾರಿಗೆ ಒಂದು ತಿಂಗಳು ಉಳಿದಿತ್ತು. ದುರಸ್ತಿಯ ವಿಚಾರವಾಗಿ ಸಭೆ ಆಗಿಹೋಗಿದೆ, ಎಲ್ಲವೂ ನಡವಳಿಯಲ್ಲಿದೆ ಎಂದು ಎಲ್ಲರೂ ಹೇಳಿದರು. ಆರು ಪುಟಗಳ ಆ ಕಡತದಿಂದ ನಿರ್ಣಯಗಳನ್ನೂ, ಮಾಡಬೇಕಾದ ಕೆಲಸಗಳನ್ನೂ, ಅವುಗಳ ಹೊಣೆಗಾರರನ್ನೂ ಒಂದು ಪಟ್ಟಿಯಾಗಿ ತೆಗೆಯಲು ಆಕೆ ಕುಳಿತರು.

ಮೊದಲು ನೋಡಬೇಕಾದದ್ದು, ಕಡತದೊಳಗೆ ಅಕ್ಷರಗಳಿವೆಯೋ ಅಥವಾ ಅಕ್ಷರಗಳ ಚಿತ್ರವಿದೆಯೋ ಎಂಬುದನ್ನು. ಆಕೆ ಕಡತದಲ್ಲಿ 'ತೀರ್ಮಾನ' ಎಂಬ ಶಬ್ದವನ್ನು ಹುಡುಕಿದರು. ಕಣ್ಣಿಗೆ ಹತ್ತು ಕಡೆ ಕಾಣುವ ಶಬ್ದ ಗಣಕಯಂತ್ರಕ್ಕೆ ಒಂದು ಕಡೆಯೂ ಸಿಕ್ಕಲಿಲ್ಲ. ಆಗ ಈ ಆಜ್ಞೆಯಿಂದ ಪಠ್ಯವನ್ನು ಬೇರೆ ತೆಗೆದರು:

```
pdftotext -layout nadavali.pdf nadavali.txt
```

ಹೊರಬಂದ ಕಡತದಲ್ಲಿ 'ತೀರ್ಮಾನ' ಇರಬೇಕಾದ ಕಡೆ `wÃªÀiÁð£À` ಎಂದಿತ್ತು. ಇದು ಕಡತ ಕೆಟ್ಟ ಲಕ್ಷಣವಲ್ಲ. ನಡವಳಿಯನ್ನು ನುಡಿಯ ಹಳೆಯ ಸಂಕೇತದಲ್ಲಿ ಬೆರಳಚ್ಚು ಮಾಡಿದ್ದರು. ಅಲ್ಲಿ ಕನ್ನಡದ ಆಕಾರಗಳು ಪರಭಾಷೆಯ ಅಕ್ಷರಗಳ ಮನೆಗಳಲ್ಲಿ ಕುಳಿತಿರುತ್ತವೆ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿದರೆ ಓದಲು ಬರುತ್ತದೆ. ಆದರೆ ನಡುವೆ ಇಂಗ್ಲಿಷಿನಲ್ಲಿ ಬರೆದ ಹೆಸರಿನ ಮೊದಲಕ್ಷರಗಳೂ ಕನ್ನಡವೆಂದೇ ತಿಳಿಯಲ್ಪಟ್ಟು ಅರ್ಥವಿಲ್ಲದ ಅಕ್ಷರಗಳಾಗಿಬಿಡುತ್ತವೆ. ಆದುದರಿಂದ ಹೆಸರು, ಹಣ, ದಿನಾಂಕ ಈ ಮೂರನ್ನೂ ಆಕೆ ಮೂಲದ ಪುಟವನ್ನು ಎದುರಿಗಿಟ್ಟುಕೊಂಡು ಒಂದೊಂದಾಗಿ ಒಪ್ಪಿಟ್ಟು ನೋಡಿದರು.

ಹೀಗೆ ಐದು ಪುಟಗಳು ಬಂದವು, ಆರನೆಯದು ಬರಿದಾಗಿತ್ತು. ಸಹಿಗಳಿದ್ದ ಆ ಪುಟವನ್ನು ಮುದ್ರಿಸಿ, ಸಹಿ ಮಾಡಿಸಿ, ಚಿತ್ರವಾಗಿ ತೆಗೆದು ಕಡತಕ್ಕೆ ಸೇರಿಸಿದ್ದರು. ಪುಟಗಳನ್ನು ಎಣಿಸದವರಿಗೆ ಇದು ಗೊತ್ತಾಗುವುದೇ ಇಲ್ಲ. ಚಿತ್ರದಿಂದ ಅಕ್ಷರಗಳನ್ನು ಓದುವ ಉಪಕರಣಗಳು ಅಲ್ಲಿನ ಮುದ್ರಿತ ಸಾಲುಗಳನ್ನು ಬಹುಮಟ್ಟಿಗೆ ಓದಬಲ್ಲವು; ಅಂಚಿನಲ್ಲಿ ಶಾಯಿಯಿಂದ ಬರೆದ ಷರಾ ಅವುಗಳ ಕೈಗೆ ಸಿಕ್ಕುವುದು ಅಪರೂಪ. ಆ ಪುಟವನ್ನು ಕಣ್ಣಿನಿಂದಲೇ ಓದಬೇಕು. ಅಲ್ಲಿ 'ವಿಷಯ 4, ದರಪಟ್ಟಿ: ಮೇ 10ರೊಳಗೆ' ಎಂದು ಬರೆದು ಪಕ್ಕದಲ್ಲಿ ಒಂದು ಚಿಕ್ಕ ಸಹಿ ಇತ್ತು.

ಎರಡನೆಯ ಕೆಲಸ ವಾಕ್ಯಗಳನ್ನು ವಿಂಗಡಿಸುವುದು. ಕನ್ನಡದಲ್ಲಿ ವಾಕ್ಯದ ತೀರ್ಪು ಕೊನೆಯ ಪದದಲ್ಲಿದೆ. ಅನುಮೋದಿಸಲಾಯಿತು, ತೀರ್ಮಾನಿಸಲಾಯಿತು ಎಂದರೆ ನಿರ್ಣಯ. ವಹಿಸಲಾಯಿತು, ಸೂಚಿಸಲಾಯಿತು, ಕೋರಲಾಯಿತು ಎಂದರೆ ಒಬ್ಬರಿಗೆ ಒಪ್ಪಿಸಿದ ಕೆಲಸ. ಅಭಿಪ್ರಾಯಪಟ್ಟರು, ಸಲಹೆಯಿತ್ತರು ಎಂದರೆ ಎರಡೂ ಅಲ್ಲ, ಬರಿಯ ಮಾತು. ಕೊನೆಯ ಪದ ಮುಂದಿನ ಪುಟಕ್ಕೆ ಜಾರಿದರೆ ಅರ್ಥವೇ ತಿರುಗಬಹುದು. 'ಹೊಸದಾಗಿ ನಾಲ್ಕು ಬೀರುಗಳನ್ನು ಕೊಳ್ಳುವುದು' ಎಂದು ಎರಡನೆಯ ಪುಟ ಮುಗಿದಿತ್ತು. ನಡುವೆ ಸಂಘದ ಹೆಸರೂ ಪುಟಸಂಖ್ಯೆಯೂ ಬಂದು, ಮೂರನೆಯ ಪುಟದ ತಲೆಯಲ್ಲಿ 'ಸದ್ಯಕ್ಕೆ ಬೇಡವೆಂದು ತೀರ್ಮಾನಿಸಲಾಯಿತು' ಎಂದಿತ್ತು. ಮೊದಲರ್ಧವನ್ನಷ್ಟೇ ಎತ್ತಿಕೊಂಡಿದ್ದರೆ ಸಂಘ ಬೇಡವೆಂದ ಬೀರುಗಳು ಬಂದು ನಿಲ್ಲುತ್ತಿದ್ದವು.

ಇನ್ನು ಮುಖ್ಯವಾದ ನಾಲ್ಕನೆಯ ವಿಷಯ. ಅದರ ವಾಕ್ಯ ಹೀಗಿತ್ತು: 'ಮಾಡು ಸೋರುತ್ತಿರುವ ಬಗ್ಗೆ ಸುದೀರ್ಘವಾಗಿ ಚರ್ಚಿಸಿ, ಮೂರು ದರಪಟ್ಟಿಗಳನ್ನು ತರಿಸಿ, 60,000 ರೂಪಾಯಿ ಮೀರದಂತೆ ಮಳೆಗಾಲಕ್ಕೆ ಮುಂಚೆ ದುರಸ್ತಿ ಮಾಡಿಸಲು ತೀರ್ಮಾನಿಸಲಾಯಿತು.' ಕೆಳಗೆ ಸೂಚಕರೆಂದು ಖಜಾಂಚಿಗಳ ಹೆಸರೂ, ಅನುಮೋದಕರೆಂದು ಇನ್ನೊಬ್ಬ ಸದಸ್ಯರ ಹೆಸರೂ ಇದ್ದವು. ವಾಕ್ಯ ಒಂದೇ ಆದರೂ ಅದರೊಳಗೆ ಒಂದು ನಿರ್ಣಯ, ಎರಡು ಕೆಲಸಗಳಿವೆ. 60,000ದ ಮಿತಿಯೊಳಗೆ ದುರಸ್ತಿ ಎಂಬುದು ನಿರ್ಣಯ. ದರಪಟ್ಟಿ ತರಿಸುವುದು ಮೊದಲ ಕೆಲಸ. ಅದಕ್ಕೆ ಅಂಚಿನ ಷರಾದಿಂದ ಮೇ 10ರ ಗಡುವು ದೊರೆಯಿತು. ದುರಸ್ತಿ ಮಾಡಿಸುವುದು ಎರಡನೆಯದು. ಅದಕ್ಕೆ ಮಳೆಗಾಲವೆಂಬ ಗಡುವಲ್ಲದೆ ದಿನಾಂಕವಿಲ್ಲ.

ಯಾರು ಮಾಡಬೇಕು? ಇಲ್ಲಿಯೇ ಪಟ್ಟಿ ಮಾಡುವವರ ಕೈ ತಪ್ಪುವುದು. ಸೂಚಕರ ಹೆಸರು ಪಕ್ಕದಲ್ಲೇ ಇದೆ. ಅದನ್ನು ಹೊಣೆಗಾರರ ಅಂಕಣಕ್ಕೆ ಎತ್ತಿ ಹಾಕುವ ಆಸೆಯಾಗುತ್ತದೆ. ಆದರೆ ಠರಾವನ್ನು ಮಂಡಿಸಿದವರು ಅದನ್ನು ನಡೆಸುವ ಭಾರವನ್ನು ಹೊತ್ತವರಲ್ಲ. ಷರಾದ ಪಕ್ಕದ ಸಹಿಯೂ ಹೊಣೆಗಾರರದಲ್ಲ. ನಡವಳಿಯ ಕೊನೆಯಲ್ಲಿದ್ದ ಅಧ್ಯಕ್ಷರ ಸಹಿಯೊಡನೆ ಹೋಲಿಸಿ ನೋಡಿದಾಗ ಅದು ತಿದ್ದುಪಡಿಯನ್ನು ಒಪ್ಪಿ ಅವರು ಹಾಕಿದ ಗುರುತೆಂದು ತಿಳಿಯಿತು. ಆಕೆ ಎರಡು ಕೆಲಸಗಳೆದುರಿಗೂ 'ನಡವಳಿಯಲ್ಲಿ ಹೆಸರಿಲ್ಲ' ಎಂದೇ ಬರೆದರು. ಪಕ್ಕದಲ್ಲಿ ವಿಷಯ, ಪುಟಗಳ ಸಂಖ್ಯೆಯನ್ನೂ ಮೂಲದ ವಾಕ್ಯವನ್ನೂ ಇಟ್ಟರು. ಊಹಿಸಿ ಬರೆದ ಹೆಸರು ಮುಂದಿನ ಸಭೆಯ ಹೊತ್ತಿಗೆ ದಾಖಲೆಯ ಮಾತಾಗಿಬಿಡುತ್ತದೆ. ಹೆಸರಿನವರಿಗೆ ಸುದ್ದಿಯೇ ಇರುವುದಿಲ್ಲ.

ಹೆಸರಿದ್ದರೂ ಸಾಲದೆಂಬುದನ್ನು ಏಳನೆಯ ವಿಷಯ ತೋರಿಸಿತು. ಪುಸ್ತಕಗಳ ಎಣಿಕೆಯನ್ನು ಒಬ್ಬ ಸದಸ್ಯರಿಗೆ ಹೆಸರು ಹಿಡಿದೇ ವಹಿಸಿದ್ದರು. ಆಕೆ ಮೊದಲ ಪುಟದ ಹಾಜರಿಯನ್ನು ನೋಡಿದರೆ ಆ ಸದಸ್ಯರು ಅಂದು ಬಂದೇ ಇರಲಿಲ್ಲ. ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ 'ಗೈರುಹಾಜರು, ತಿಳಿಸಬೇಕು' ಎಂದು ಸೇರಿತು.

ಪಟ್ಟಿ ಒಂದೇ ಪುಟವಾಯಿತು. ಹನ್ನೆರಡು ವಿಷಯಗಳಿಂದ ಏಳು ನಿರ್ಣಯಗಳು, ಒಂಬತ್ತು ಕೆಲಸಗಳು. ಒಂಬತ್ತರಲ್ಲಿ ನಾಲ್ಕಕ್ಕೆ ಹೆಸರಿಲ್ಲ. ಅದನ್ನು ಆಕೆ ಅಧ್ಯಕ್ಷರ ಮುಂದಿಟ್ಟರು. ವೃದ್ಧರಾದ ಅವರು ನಾಲ್ಕನೆಯ ವಿಷಯದ ಸಾಲನ್ನು ಎರಡು ಬಾರಿ ಓದಿ, "ಇದನ್ನು ಖಜಾಂಚಿಗಳು ನೋಡಿಕೊಳ್ಳುತ್ತಾರೆಂದು ನಾನು ತಿಳಿದಿದ್ದೆನಲ್ಲಮ್ಮ," ಎಂದರು. ಖಜಾಂಚಿಗಳನ್ನು ಕರೆಸಿ ಕೇಳಿದಾಗ, "ಕಾರ್ಯದರ್ಶಿಗಳ ಕೆಲಸವಲ್ಲವೇ ಸ್ವಾಮಿ?" ಎಂದರು. ಇಬ್ಬರೂ ಸುಳ್ಳಾಡಲಿಲ್ಲ, ನಡವಳಿ ಇಬ್ಬರಿಗೂ ಅವಕಾಶ ಕೊಟ್ಟಿತ್ತು.

ಅಂದೇ ದರಪಟ್ಟಿಯ ಕೆಲಸ ಖಜಾಂಚಿಗಳಿಗೂ, ದುರಸ್ತಿಯ ಮೇಲ್ವಿಚಾರಣೆ ಕಾರ್ಯದರ್ಶಿಗೂ ಎಂದು ನಿಶ್ಚಯವಾಯಿತು. ಆಕೆ ಹಳೆಯ ಕಡತವನ್ನು ತಿದ್ದಲಿಲ್ಲ. ಸಹಿಯಾದ ನಡವಳಿಯನ್ನು ಮುಟ್ಟುವ ಅಧಿಕಾರ ಯಾರಿಗೂ ಇಲ್ಲ. ಪಟ್ಟಿಯಲ್ಲಿ 'ಸಭೆಯ ತರುವಾಯ ಅಧ್ಯಕ್ಷರು ಸೂಚಿಸಿದ್ದು' ಎಂಬ ಷರಾದೊಡನೆ ಹೆಸರುಗಳನ್ನು ಬರೆದು, ಮುಂದಿನ ಸಭೆಯ ಮೊದಲ ವಿಷಯವಾಗಿ ಅವುಗಳ ದೃಢೀಕರಣವನ್ನಿಟ್ಟರು. ಮೇ 9ರಂದು ಮೂರನೆಯ ದರಪಟ್ಟಿ ಬಂದಿತು. ಹೆಂಚು ಹೊದಿಸುವವರು ಏಣಿಯಿಂದ ಇಳಿದ ನಾಲ್ಕನೆಯ ದಿನ ಮೊದಲ ಮಳೆ ಬಿತ್ತು.