ಬಸಿರಿಗೆ ಮೊದಲು ಇಪ್ಪತ್ತೆಂಟು ದಿನ

ನಮ್ಮ ಬೈಲಹೊಂಗಲದ ಮನೆಯಲ್ಲಿ ಮಗನಿಗೂ ಮಗಳಿಗೂ ಐದು ವರ್ಷಗಳ ಅಂತರ. 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ಆರಂಭವಾದಾಗ ಮಗನು ಶಾಲೆಯಲ್ಲಿಯೇ ಚುಚ್ಚುಮದ್ದು ಹಾಕಿಸಿಕೊಂಡು ಬಂದನು. ಮಗಳು ಆಗ ಕಿತ್ತೂರಿನಲ್ಲಿ ಕಾಲೇಜು ಓದುತ್ತಿದ್ದಳು. ಅಭಿಯಾನವು ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನವರಿಗೆ ಮಾತ್ರವಾದುದರಿಂದ 1999ರಲ್ಲಿ ಜನಿಸಿದ ಅವಳು ಅದರಿಂದ ಹೊರಗುಳಿದಳು. ಅವಳು ಕೂಸಾಗಿದ್ದಾಗ ಸರ್ಕಾರ ಉಚಿತವಾಗಿ ಕೊಡುತ್ತಿದ್ದುದು ದಡಾರದ ಲಸಿಕೆಯೊಂದೇ. ಅದರಲ್ಲಿ ರುಬೆಲ್ಲಾ ಇರಲಿಲ್ಲ. ಇಂದು ನಮ್ಮ ಮನೆಗಳಲ್ಲಿ ಸೊಸೆಯಂದಿರಾಗಿರುವ ಅನೇಕರು ಇದೇ ವಯಸ್ಸಿನವರು.

ರುಬೆಲ್ಲಾ ದೊಡ್ಡವರಿಗೆ ಸಣ್ಣ ಬೇನೆ. ಮೈಮೇಲೆ ತೆಳುವಾದ ಕೆಂಪು ಗಂಧೆ, ಕಿವಿಯ ಹಿಂದೆ ಗಂಟು, ಎರಡು ಮೂರು ದಿನದ ಜ್ವರ. ಎಷ್ಟೋ ಸಲ ಬಂದುಹೋದದ್ದೇ ತಿಳಿಯುವುದಿಲ್ಲ. ಆದರೆ ಬಸಿರಿನ ಮೊದಲ ಮೂರು ತಿಂಗಳಲ್ಲಿ ತಾಯಿಗೆ ತಗುಲಿದರೆ ಗರ್ಭ ಇಳಿಯಬಹುದು. ಉಳಿದರೆ ಕೂಸಿನ ಕಣ್ಣು, ಕಿವಿ, ಹೃದಯಗಳಿಗೆ ಊನವಾಗುವ ಸಂಭವ ಬಹಳ ಹೆಚ್ಚು. 1941ರಲ್ಲಿ ಆಸ್ಟ್ರೇಲಿಯಾದ ನೇತ್ರವೈದ್ಯ ನಾರ್ಮನ್ ಗ್ರೆಗ್ ಅವರು ಹುಟ್ಟಿನಿಂದಲೇ ಕಣ್ಣಿನ ಪೊರೆಯಿದ್ದ ಕೂಸುಗಳನ್ನು ಕಂಡು, ಅವುಗಳ ತಾಯಂದಿರಿಗೆ ಬಸಿರಿನಲ್ಲಿ ಈ ಬೇನೆ ಬಂದಿತ್ತೆಂಬುದನ್ನು ಮೊದಲು ಗುರುತಿಸಿದರು. ಬಸಿರಾದ ಮೇಲೆ ಈ ಲಸಿಕೆ ಕೊಡುವಂತಿಲ್ಲ. ಆದುದರಿಂದ ವಿಚಾರವೆಲ್ಲ ಮೊದಲೇ ಆಗಬೇಕು.

ಮಗಳನ್ನು ರಾಮದುರ್ಗದ ಕಡೆಗೆ ಕೊಟ್ಟಿದ್ದೇವೆ. ಮದುವೆಯಾದ ಮೇಲೆ ವೈದ್ಯರು ಅವಳ ರಕ್ತದಲ್ಲಿ ರುಬೆಲ್ಲಾ ಐಜಿಜಿ ಪರೀಕ್ಷೆ ಮಾಡಿಸಿದರು. ಐಜಿಜಿ ಇದ್ದರೆ ಹಿಂದೆ ಬೇನೆಯಿಂದಲೋ ಲಸಿಕೆಯಿಂದಲೋ ರಕ್ಷಣೆ ಬಂದಿದೆ ಎಂದರ್ಥ. ಐಜಿಎಂ ಎಂಬುದು ಹೊಸ ಸೋಂಕಿನ ಶಂಕೆಯಿದ್ದಾಗ ಮಾಡುವ ಬೇರೆ ಪರೀಕ್ಷೆ. ರಕ್ಷಣೆ ಇದೆಯೋ ಇಲ್ಲವೋ ತಿಳಿಯಲು ಅದು ಬೇಕಿಲ್ಲ. ಮಗಳ ವರದಿಯಲ್ಲಿ ಐಜಿಜಿ ಇಲ್ಲವೆಂದು ಬಂದಿತು. ವೈದ್ಯರು ಎಂಎಂಆರ್ ಲಸಿಕೆ ಬರೆದುಕೊಟ್ಟರು.

ಆಗ ಬೀಗತಿಯವರು ಕಳವಳಗೊಂಡರು. “ಬೀಗರ, ಆ ಸೂಜಿಯಿಂದ ನಮ್ಮ ತಾಲೂಕಿನ್ಯಾಗ ಕೂಸುಗಳು ಹೋಗ್ಯಾವ. ನಮ್ಮ ಸೊಸಿಗೆ ಬ್ಯಾಡರಿ” ಎಂದರು. ಅವರ ಮಾತು ಸುಳ್ಳಲ್ಲ. 2022ರ ಜನವರಿಯಲ್ಲಿ ರಾಮದುರ್ಗ ತಾಲೂಕಿನಲ್ಲಿ ದಡಾರ-ರುಬೆಲ್ಲಾ ಲಸಿಕೆ ಪಡೆದ ಮೂರು ಎಳೆಗೂಸುಗಳು ತೀರಿಕೊಂಡವು. ಲಸಿಕೆಯನ್ನು ಇರಿಸಿಕೊಂಡ ಮತ್ತು ಬಳಸಿದ ರೀತಿಯಲ್ಲಿ ಲೋಪವಾಗಿತ್ತೆಂದು ಆಗ ವರದಿಯಾಯಿತು. ಈ ಲಸಿಕೆ ಪುಡಿಯ ರೂಪದಲ್ಲಿರುತ್ತದೆ. ದ್ರವ ಬೆರೆಸಿ ಕೊಡುತ್ತಾರೆ. ಕೆಡದಂತೆ ಕಾಯುವ ರಾಸಾಯನಿಕ ಅದರಲ್ಲಿಲ್ಲ. ಹಲವು ಮಕ್ಕಳಿಗಾಗುವ ಬಾಟಲಿಯನ್ನು ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದುದನ್ನು ಚೆಲ್ಲಬೇಕು. ಇಟ್ಟುಕೊಂಡರೆ ಅದರಲ್ಲಿ ರೋಗಾಣುಗಳು ಬೆಳೆದು ರಕ್ತ ನಂಜಾಗಬಹುದು.

ಇದನ್ನು ವೈದ್ಯರೇ ಬೀಗತಿಯವರಿಗೆ ತಿಳಿಸಿದರು. ಒಬ್ಬರಿಗೇ ಆಗುವ ಚಿಕ್ಕ ಸೀಸೆಯನ್ನು ತಂಪುಪೆಟ್ಟಿಗೆಯಿಂದ ತೆಗೆದು, ಅವಧಿಯ ದಿನಾಂಕ ತೋರಿಸಿ, ಅವರ ಕಣ್ಣೆದುರಿಗೇ ಬೆರೆಸಿ ಕೊಟ್ಟರು. ಬೀಗತಿಯವರ ಮನಸ್ಸು ನಿರಾಳವಾಯಿತು. ಯಾರೇ ಆಗಲಿ, ಹೀಗೆ ಕೇಳಿ ನೋಡುವುದು ತಪ್ಪಲ್ಲ.

ಬಸಿರಿಲ್ಲವೆಂಬುದು ಖಚಿತವಿರಲೆಂದು ಮುಟ್ಟಾದ ಮೂರನೆಯ ದಿನವೇ ಲಸಿಕೆಯಾಯಿತು. ಅಂದು ನವೆಂಬರ್ 5. ಅಲ್ಲಿಂದ 28 ದಿನ ಎಂದರೆ ಡಿಸೆಂಬರ್ 3ರವರೆಗೆ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕೆಂದರು. ಈ ಲಸಿಕೆಯಲ್ಲಿ ಬಲಗುಂದಿಸಿದ, ಆದರೆ ಜೀವಂತವಾದ ವೈರಾಣುಗಳಿವೆ. ಅವು ಅಡಗುವವರೆಗೆ ಕಾಯುವುದು ಮುನ್ನೆಚ್ಚರಿಕೆ. ಹಳೆಯ ಪುಸ್ತಕಗಳಲ್ಲಿ ಮೂರು ತಿಂಗಳೆಂದಿರುವುದನ್ನು ಓದಿ ಕೆಲವರು ಗೊಂದಲಕ್ಕೀಡಾಗುತ್ತಾರೆ. ಈಗ ಸಾಮಾನ್ಯವಾಗಿ ಹೇಳುವುದು ಒಂದು ತಿಂಗಳು. ಎರಡನೆಯ ವಾರದಲ್ಲಿ ಮಗಳ ಬೆರಳ ಸಂದುಗಳು ನೊಂದವು. ದೊಡ್ಡ ಹೆಂಗಸರಲ್ಲಿ ಹೀಗಾಗುವುದುಂಟು. ಕೆಲವೇ ದಿನಗಳಲ್ಲಿ ತಾನಾಗಿಯೇ ಇಳಿಯಿತು.

ಸವದತ್ತಿಯಲ್ಲಿರುವ ನಮ್ಮ ತಂಗಿಯ ಸೊಸೆಯದು ಬೇರೆ ಸಂಗತಿ. ಲಸಿಕೆ ಹಾಕಿಸಿಕೊಂಡ ಮೇಲೆ ಆಕೆಗೆ ಆಗಲೇ ಬಸಿರು ನಿಂತಿತ್ತೆಂದು ತಿಳಿಯಿತು. ಮನೆಯವರು ಗರ್ಭ ತೆಗೆಸುವ ಮಾತಾಡಿದರು. ವೈದ್ಯರು ತಡೆದರು. ಹೀಗೆ ತಿಳಿಯದೆ ಲಸಿಕೆ ಪಡೆದ ನೂರಾರು ಗರ್ಭಿಣಿಯರನ್ನು ಹಲವು ದೇಶಗಳಲ್ಲಿ ಗಮನಿಸಿದ್ದು, ಲಸಿಕೆಯಿಂದ ಕೂಸಿಗೆ ರುಬೆಲ್ಲಾದ ಊನಗಳು ಬಂದುದು ಕಂಡಿಲ್ಲ. ಆದುದರಿಂದ ಇದು ಗರ್ಭ ತೆಗೆಸಲು ಕಾರಣವೇ ಅಲ್ಲ ಎಂದರು. ಕಾಯಬೇಕೆಂಬ ನಿಯಮ ಎಚ್ಚರಿಕೆಗೆ, ಹೆದರಿಕೆಗಲ್ಲ. ಆಕೆಯ ಕುಬಸವೂ ಆಯಿತು, ಗಂಡು ಕೂಸು ಸುಖವಾಗಿದೆ.

ಬಸಿರಿನಲ್ಲಿಯೇ ರಕ್ಷಣೆ ಇಲ್ಲವೆಂದು ತಿಳಿದುಬಂದರೆ ಗಂಧೆ-ಜ್ವರದವರಿಂದ ದೂರವಿದ್ದು, ಹೆರಿಗೆಯಾದ ಮೇಲೆ ಲಸಿಕೆ ಪಡೆಯಬೇಕು, ಮೊಲೆಯುಣಿಸುವವರಿಗೆ ಅಡ್ಡಿಯಿಲ್ಲ. ಪರೀಕ್ಷೆಯ ಅನುಕೂಲವಿಲ್ಲದ ಊರಿನವರು, ಬಸಿರಿಲ್ಲವೆಂದು ಖಚಿತಪಡಿಸಿಕೊಂಡು, ವೈದ್ಯರ ಸಲಹೆಯಂತೆ ನೇರವಾಗಿ ಲಸಿಕೆ ಪಡೆಯಬಹುದು. ರಕ್ಷಣೆ ಮೊದಲೇ ಇದ್ದರೂ ಹಾನಿಯಿಲ್ಲ. ಸೊಸೆ 2002ಕ್ಕೆ ಮೊದಲು ಹುಟ್ಟಿದವಳಾಗಿದ್ದರೆ ಅವಳ ಹಳೆಯ ಲಸಿಕೆ ಚೀಟಿಯನ್ನು ತವರಿನಿಂದ ತರಿಸಿ ನೋಡಿರಿ. ದಡಾರ ಎಂದಷ್ಟೇ ಇದ್ದರೆ ವೈದ್ಯರಿಗೆ ತೋರಿಸಿರಿ.